ದಕ್ಷತೆ 120% ಬಂತಾ? ಸನ್ನೆ ಮತ್ತ ರಾಟಿ ವರ್ಕ್‌ಶೀಟ್ ಮನ್ಯಾಗ ಅಳತಿ ಮಾಡಿ ಬಿಡಿಸೂ ರೀತಿ

ಹುಬ್ಬಳ್ಳ್ಯಾಗ ನಮ್ಮ ಮನ್ಯಾಗ ಸಂಜಿಮುಂದ ಹೈಸ್ಕೂಲ್ ಹುಡುಗೂರಿಗೆ ಸೈನ್ಸ್ ಹೇಳಿಕೊಡ್ತೀನ್ರಿ. ಹೋದ ವರ್ಷ ಒಬ್ಬಾಕಿ ಹುಡುಗಿ ಸರಳ ಯಂತ್ರದ ವರ್ಕ್‌ಶೀಟ್ ಮಾಡ್ಕೊಂಡು ಬಂದ್ಲು, ಸನ್ನೆದು ತಾನ ಕಟ್ಟಿ, ತಾನ ತೂಕ ಹಾಕಿ, ಲೆಕ್ಕಾ ಮಾಡಿದ್ಲು, ದಕ್ಷತೆ 120% ಬಂದಿತ್ತು. ಸಾಲ್ಯಾಗ ಅದಕ್ಕ ಕೆಂಪು ಗೆರಿ ಎಳದು ತಪ್ಪು ಅಂತ ಬರದಿದ್ರು, ಅಕಿ ಅಳತಿ ಅಳಿಸಿ 100 ಬರೂ ಹಂಗ ನಂಬರ್ ತಿದ್ದಿಬಿಟ್ಟಿದ್ಲು. ನನಗ ಭಾಳ ಬ್ಯಾಸರ ಆತು. ಯಾಕಂದ್ರ ಅಕಿ ಮೊದಲು ಬರದಿದ್ದ ಅಳತಿ ಎಲ್ಲಾ ಖರೇನ ಇದ್ವು, ಒಂದು ವಸ್ತು ಲೆಕ್ಕದಾಗ ಬಿಟ್ಟುಹೋಗಿತ್ತು, ಅಷ್ಟ. ಆ ಬಿಟ್ಟುಹೋದ ವಸ್ತು ಯಾವ್ದು ಅಂತ ತಿಳದ್ರ ಈ ಪಾಠ ಅರ್ಧಾ ತಿಳದಂಗ. ಅದಕ್ಕ ಈಗ ಅದೇ ವರ್ಕ್‌ಶೀಟ್ ಮೊದಲಿಂದ ಕಡೀತನಕ ಮಾಡೋಣ, ಸನ್ನೆ ಒಂದು, ರಾಟಿ ಒಂದು, ಎರಡ ಸಾಕು.

ಮೊದಲು ಮೂರು ಮಾತು ಸರಿಯಾಗಿ ಹಿಡ್ಕೊಳ್ರಿ, ಗೊಂದಲ ಎಲ್ಲಾ ಇಲ್ಲೇ ಹುಟ್ಟತೈತಿ. ಯಂತ್ರ ಎತ್ತೂ ತೂಕಕ್ಕ ಭಾರ ಅಂತೀವಿ, ನಾವು ಹಾಕೂ ಬಲಕ್ಕ ಎಫರ್ಟ್ ಅಂತೀವಿ. ಭಾರಾನ ಎಫರ್ಟ್‌ಲೆ ಭಾಗಿಸಿದ್ರ ಯಾಂತ್ರಿಕ ಲಾಭ, ಅದನ್ನ MA ಅಂತ ಬರೀತಾರ. ಇದು ತಕ್ಕಡಿಯಿಂದ ಬರೂ ನಂಬರ್, ತೂಕಾ ಮಾಡದ ಇದು ಸಿಗೂದಿಲ್ಲ. ಎರಡನೇದು ವೇಗಾನುಪಾತ, VR. ಎಫರ್ಟ್ ಎಷ್ಟು ದೂರ ಸರೀತು, ಅದರಾಗ ಭಾರ ಎಷ್ಟು ದೂರ ಸರೀತು, ಇವೆರಡರ ಭಾಗಾಕಾರ. ಇದು ಸ್ಕೇಲ್‌ನಿಂದ ಬರೂ ನಂಬರ್, ತಕ್ಕಡಿಗೂ ಇದಕ್ಕೂ ಸಂಬಂಧ ಇಲ್ಲ. ಮೂರನೇದು ದಕ್ಷತೆ, ಮೊದಲನೇದನ್ನ ಎರಡನೇದರಿಂದ ಭಾಗಿಸಿ ನೂರರಿಂದ ಗುಣಿಸೂದು.

```
MA = ಭಾರ ÷ ಎಫರ್ಟ್
VR = ಎಫರ್ಟ್ ಸರಿದ ದೂರ ÷ ಭಾರ ಸರಿದ ದೂರ
ದಕ್ಷತೆ = (MA ÷ VR) × 100
```

ಹುಡುಗೂರು ಮಾಡೂ ದೊಡ್ಡ ತಪ್ಪು ಏನಂದ್ರ ಸನ್ನೆ ಬಂದ ಕೂಡಲೆ ಎಫರ್ಟ್ ತೋಳಿನ ಉದ್ದಾನ ಭಾರದ ತೋಳಿನ ಉದ್ದದಿಂದ ಭಾಗಿಸ್ತಾರ, ಅದಕ್ಕ MA ಅಂತ ಬರೀತಾರ, ಆಮ್ಯಾಲೆ ದಕ್ಷತೆ ಕೇಳಿದ್ರ ಅದೇ ನಂಬರ್‌ನ ಅದೇ ನಂಬರ್‌ಲೆ ಭಾಗಿಸಿ 100% ಅಂತಾರ. ತೋಳಿನ ಲೆಕ್ಕ ಕೊಡೂದು VR. ಘರ್ಷಣೆ ಇಲ್ಲದ, ತೂಕಾ ಇಲ್ಲದ ಸನ್ನೆ ಇದ್ರ ಮಾತ್ರ MA ಅದಕ್ಕ ಸಮ ಆಗ್ತೈತಿ. ಪ್ರಶ್ನ್ಯಾಗ "ಆದರ್ಶ ಸನ್ನೆ" ಅಂತ ಇದ್ರ ಹಂಗ ಮಾಡ್ರಿ ಅಡ್ಡಿ ಇಲ್ಲ, ಅಳತಿ ಕೊಟ್ಟಿದ್ರ ಮಾಡಬ್ಯಾಡ್ರಿ.

ಸಾಮಾನು ಏನ ಬೇಕು ಅಂದ್ರ, ಒಂದು ಮೀಟರ್ ಉದ್ದದ ಕಟ್ಟಗಿ ಪಟ್ಟಿ, ಒಂದು ಮೊಳಿ, ಹುರಿ, ಉಸುಕು ತುಂಬಾಕ ಗಟ್ಟಿ ಚೀಲ, ಎರಡು ಖಾಲಿ ನೀರಿನ ಬಾಟಲಿ, ಸೂಜಿ ಇಲ್ಲದ ಒಂದು ಸಿರಿಂಜ್, ಎರಡು ಸಣ್ಣ ರಾಟಿ. ರಾಟಿ ದುರ್ಗದಬೈಲ್ ಕಡೆ ಹಾರ್ಡ್‌ವೇರ್ ಅಂಗಡ್ಯಾಗ ಕೇಳ್ರಿ, ಅರಬಿ ಒಣಗಿಸೂ ಹಗ್ಗಕ್ಕ ಹಾಕ್ತಾರಲ್ಲ ಅಂಥಾವು ಸಾಕು. ತೂಕ ಮಾಡಾಕ ಅಡಗಿಮನಿ ಡಿಜಿಟಲ್ ತಕ್ಕಡಿ ಇದ್ರ ಆತು, ಇಲ್ಲಾಂದ್ರ ಮನಿ ಬಾಜೂಕಿನ ಕಿರಾಣಿ ಅಂಗಡ್ಯಾಗ ತೂಗಿಸ್ಕೊಂಡು ಬರ್ರಿ.

ಸಾಲಿ ಲ್ಯಾಬ್‌ನಾಗ ಸ್ಪ್ರಿಂಗ್ ತಕ್ಕಡಿ ಕೊಡ್ತಾರ, ಆದ್ರ ನಾನು ಎಫರ್ಟ್‌ಗೆ ನೀರಿನ ಬಾಟಲಿನ ಹೇಳ್ತೀನಿ. ಸ್ಪ್ರಿಂಗ್ ತಕ್ಕಡಿ ನೆಟ್ಟಗ ಜೋತುಬಿಟ್ಟಾಗ ಸೊನ್ನಿ ತೋರಸೂ ಹಂಗ ಮಾಡಿರ್ತಾರ. ಅದನ್ನ ಉಲ್ಟಾ ಹಿಡದು ಕೆಳಗ ಎಳದ್ರ ಕೊಕ್ಕಿ ತೂಕ ಈಗ ಸ್ಪ್ರಿಂಗ್‌ನ ಎಳಿಯೂ ಬದ್ಲಿ ಒಳಗ ಒತ್ತತೈತಿ, ಹಿಂಗಾಗಿ ನಿಜವಾದ ಎಳತಕ್ಕಿಂತ ಕಡಿಮಿ ತೋರಸ್ತೈತಿ. ರಾಟಿ ಪ್ರಯೋಗದಾಗ ಕೆಳಗ ಎಳಿಯೂದ ಜಾಸ್ತಿ. ಬಾಟಲ್ಯಾಗ ನೀರು ಹಾಕ್ಕೋತ ಹೋದ್ರ ಆ ತಲಿನೋವು ಇಲ್ಲ, ಕಡೀಗೆ ಬಾಟಲಿ ಬಿಚ್ಚಿ ತೂಕ ಮಾಡಿದ್ರ ಅದ ಎಫರ್ಟ್.

ಸನ್ನೆ ಕಟ್ಟೂದು

ಪಟ್ಟಿ ಮೊದಲು ತೂಕ ಮಾಡಿ ಬರಕೊಳ್ರಿ. ನಮ್ಮದು 120 ಗ್ರಾಂ ಇತ್ತು. ಆಮ್ಯಾಲೆ ಅದನ್ನ ಒಂದು ಪೆನ್ಸಿಲ್ ಮ್ಯಾಲ ಅಡ್ಡ ಇಟ್ಟು ಎಲ್ಲಿ ಸಮ ನಿಲ್ತೈತಿ ನೋಡ್ರಿ, ಅದು ಪಟ್ಟಿಯ ಗುರುತ್ವ ಕೇಂದ್ರ. ಸರಿಯಾದ ಪಟ್ಟಿ ಇದ್ರ 50 ಸೆಂಮೀ ಗುರುತಿಗೆ ಬರ್ತೈತಿ, ಗಂಟು ಇರೂ ಕಟ್ಟಗಿ ಇದ್ರ ಒಂದೆರಡು ಸೆಂಮೀ ಆಕಡೆ ಈಕಡೆ ಆಗಬಹುದು, ನಿಮಗ ಎಲ್ಲಿ ಬಂತೋ ಅದನ್ನ ಬರೀರಿ, 50 ಅಂತ ಅಂದಾಜು ಹಾಕಬ್ಯಾಡ್ರಿ. ಈ ಎರಡು ಅಳತಿ ಯಾವ ವರ್ಕ್‌ಶೀಟ್‌ನಾಗೂ ಕೇಳಿರೂದಿಲ್ಲ, ಮುಂದ ಉಪಯೋಗಕ್ಕ ಬರೂದು ಇವ.

ಈಗ 25 ಸೆಂಮೀ ಗುರುತಿನ್ಯಾಗ ಮೊಳಿ ಸಡಿಲಾಗಿ ತಿರಗೂ ಹಂಗ ತೂತು ಮಾಡ್ರಿ. ತೂತು ಪಟ್ಟಿಯ ಅಗಲದ ನಡುಗೆರಿಗಿಂತ ಸ್ವಲ್ಪ ಮ್ಯಾಲ ಇರಲಿ, ಕೆಳಗ ಮಾಡಿದ್ರ ಪಟ್ಟಿ ಸಮ ನಿಲ್ಲೂದ ಇಲ್ಲ, ಒಂದ ಕಡೆ ದಬಕ್ ಅಂತ ಬೀಳ್ತೈತಿ. ಮೊಳಿನ ಎರಡು ಕುರ್ಚಿ ನಡುವ ಅಡ್ಡ ಗಟ್ಟಿಯಾಗಿ ಕಟ್ರಿ, ಇದು ಆಧಾರ ಬಿಂದು. 5 ಸೆಂಮೀ ಗುರುತಿಗೆ 900 ಗ್ರಾಂ ಉಸುಕಿನ ಚೀಲ ಜೋತುಬಿಡ್ರಿ, ಇದು ಭಾರ. 85 ಸೆಂಮೀ ಗುರುತಿಗೆ ಬಾಟಲಿ. ಅಲ್ಲಿಗೆ ಭಾರದ ತೋಳು 20 ಸೆಂಮೀ, ಎಫರ್ಟ್ ತೋಳು 60 ಸೆಂಮೀ. ತೋಳು ಯಾವಾಗಲೂ ಆಧಾರ ಬಿಂದುವಿನಿಂದ ಅಳೀಬೇಕು, ಪಟ್ಟಿ ತುದಿಯಿಂದ ಅಲ್ಲ, 85 ಅಂತ ಬರದು ತಪ್ಪು ಮಾಡಿದವರು ಭಾಳ ಮಂದಿ.

VR ಬರೀ ತೋಳಿನಿಂದ ಲೆಕ್ಕಾ ಹಾಕಿ ಬಿಡಬ್ಯಾಡ್ರಿ, ಒಮ್ಮೆ ಕೈಲೆ ಬಾಟಲಿ ಕಡೆ ಕೆಳಗ ಒತ್ತಿ ಸ್ಕೇಲ್ ಹಿಡದು ನೋಡ್ರಿ. ಭಾರ 5 ಸೆಂಮೀ ಮ್ಯಾಲ ಬಂದ್ರ ಬಾಟಲಿ 15 ಸೆಂಮೀ ಕೆಳಗ ಹೋಗ್ತೈತಿ. 15 ÷ 5 = 3, ತೋಳಿನ ಲೆಕ್ಕ 60 ÷ 20 ಅದೂ 3. ಎರಡೂ ಕೂಡಿದ್ರ ಕಟ್ಟಿದ್ದು ಸರಿ ಐತಿ ಅಂತ ಅರ್ಥ.

ಈಗ ಬಾಟಲ್ಯಾಗ ನೀರು ಹಾಕ್ಕೋತ ಬರ್ರಿ, ಪಟ್ಟಿ ಸಮ ಆಗೂ ಹೊತ್ತಿಗೆ ನಿಲ್ಲಸ್ರಿ, ಬಾಟಲಿ ತೂಗ್ರಿ. ನಮಗ ಬಂದಿದ್ದು 250 ಗ್ರಾಂ. MA = 900 ÷ 250 = 3.6. ದಕ್ಷತೆ = 3.6 ÷ 3 × 100 = 120%. ಆ ಹುಡುಗಿಗೆ ಬಂದಿದ್ದೂ ಇದ.

120% ಎಲ್ಲಿಂದ ಬಂತು

ಯಾವ ಯಂತ್ರನೂ ತನಗ ಕೊಟ್ಟ ಕೆಲಸಕ್ಕಿಂತ ಜಾಸ್ತಿ ಕೆಲಸ ಮಾಡಿಕೊಡೂದಿಲ್ಲ, ಅದರಾಗ ಎರಡು ಮಾತಿಲ್ಲ. ಹಂಗಾದ್ರ ಇಲ್ಲಿ ನಾವು ಕಾಣದಂಗ ಯಾರೋ ಕೆಲಸ ಕೊಟ್ಟಾರ. ಯಾರು ಅಂತ ಹುಡುಕಾಕ ಕೆಲಸದ ಲೆಕ್ಕ ಬರೀರಿ, ತೂಕಾನ ದೂರದಿಂದ ಗುಣಿಸೂದು. ಭಾರ 900 ಗ್ರಾಂ, 5 ಸೆಂಮೀ ಮ್ಯಾಲ ಬಂತು, 900 × 5 = 4500. ಬಾಟಲಿ 250 ಗ್ರಾಂ, 15 ಸೆಂಮೀ ಕೆಳಗ ಹೋತು, 250 × 15 = 3750. ನಡುವ 750 ಕಡಿಮಿ ಬೀಳ್ತು.

ಆ 750 ಕೊಟ್ಟಿದ್ದು ಪಟ್ಟಿ. ಪಟ್ಟಿಯ ಗುರುತ್ವ ಕೇಂದ್ರ 50 ಸೆಂಮೀ ಗುರುತಿನ್ಯಾಗ ಐತಿ, ಆಧಾರ ಐತಿ 25ರಾಗ, ಅಂದ್ರ ಪಟ್ಟಿಯ ಪೂರಾ ತೂಕ ಎಫರ್ಟ್ ಕಡೆ 25 ಸೆಂಮೀ ದೂರದಾಗ ಕುಂತಂಗ ಆತು. ಭಾರ 20 ಸೆಂಮೀ ತೋಳಿನ್ಯಾಗ 5 ಸೆಂಮೀ ಏರಿದ್ರ, 25 ಸೆಂಮೀ ದೂರದಾಗ ಇರೂ ಗುರುತ್ವ ಕೇಂದ್ರ 6.25 ಸೆಂಮೀ ಇಳೀತೈತಿ. 120 × 6.25 = 750. ಪೈಸಾದಷ್ಟೂ ಫರಕ್ ಇಲ್ಲ ನೋಡ್ರಿ. ನನ್ನ ಮುಂದ ಕುಂತು ಆ ಹುಡುಗಿ ಈ ಗುಣಾಕಾರ ತಾನ ಮಾಡಿದ್ಲು, ಉತ್ತರ ಬಂದಾಗ "ಸರ್, ನನ್ನ ಅಳತಿ ಸರಿ ಇತ್ತಲ್ರಿ" ಅಂದ್ಲು. ಸರಿ ಇತ್ತವ್ವಾ ಅಂದ್ಯಾ, ಅಳಿಸಿದ್ದ ನಂಬರ್ ಮತ್ತ ಬರಸಿದ್ಯಾ.

ಹೊಲದಾಗ ಹಾರಿ ಹಾಕಿ ಕಲ್ಲು ಎಬ್ಬಸೂವಾಗೂ ಹಿಂಗ. ಹಾರಿ ಉದ್ದನ ಭಾಗ ನಮ್ಮ ಕಡೆ ಇರ್ತೈತಿ, ಅದರ ತೂಕನೂ ನಮ್ಮ ಜೊತಿಗೆ ಕೆಳಗ ಒತ್ತತೈತಿ. ಕಲ್ಲು ಒಂದು ಕ್ವಿಂಟಲ್ ಇದ್ರ ಹಾರಿ ತೂಕದ್ದು ಅಷ್ಟ ಗೊತ್ತಾಗೂದಿಲ್ಲ, ನಮ್ಮ ಪ್ರಯೋಗದಾಗ ಭಾರನ 900 ಗ್ರಾಂ ಇದ್ದಾಗ 120 ಗ್ರಾಂ ಪಟ್ಟಿ ಎದ್ದು ಕಾಣ್ತೈತಿ.

ಸರಿ ಮಾಡೂದು ಹೆಂಗ ಅಂದ್ರ, ಭಾರ ಮತ್ತ ಬಾಟಲಿ ಎರಡೂ ಬಿಚ್ಚಿ ಖಾಲಿ ಪಟ್ಟಿನ ಮೊದಲು ಸಮ ನಿಲ್ಲಸ್ರಿ. ಖಾಲಿ ಬಿಟ್ರ ಉದ್ದನ ಕಡೆ ಬೀಳ್ತೈತಿ, ಅದಕ್ಕ 5 ಸೆಂಮೀ ಗುರುತಿಗೆ ಇನ್ನೊಂದು ಸಣ್ಣ ಚೀಲ ಕಟ್ಟಿ ಉಸುಕು ಹಾಕ್ಕೋತ ಹೋಗ್ರಿ. ಲೆಕ್ಕದ ಪ್ರಕಾರ 120 × 25 ÷ 20 = 150 ಗ್ರಾಂ ಬೇಕು, ನಮಗೂ ಅಷ್ಟ ಹಿಡೀತು. ಈ ಚೀಲ ಅಲ್ಲೇ ಇರಲಿ, ಇದನ್ನ ಭಾರಕ್ಕ ಕೂಡಸಬಾರ್ದು, ಪಟ್ಟಿಯದೇ ಒಂದು ಭಾಗ ಅಂತ ತಿಳ್ಕೊಳ್ರಿ. ಈಗ ಮತ್ತ 900 ಗ್ರಾಂ ಕಟ್ಟಿ, ಬಾಟಲಿ ಕಟ್ಟಿ, ನೀರು ಹಾಕಿ, ಭಾರ ನಿಧಾನಕ್ಕ ಮ್ಯಾಲ ಏಳೂ ಹಂಗ ಮಾಡ್ರಿ. ನಮಗ 302 ಗ್ರಾಂ ಬಂತು. MA = 900 ÷ 302 = 2.98, ದಕ್ಷತೆ 2.98 ÷ 3, ಅಂದ್ರ 99.3%.

ಇಷ್ಟು ಚೊಲೋ ದಕ್ಷತೆ ಸುಳ್ಳಲ್ಲ. ಮೊಳಿ ಮತ್ತ ತೂತಿನ ನಡುವ ಘರ್ಷಣೆ ಐತಿ, ಆದ್ರ ಅದು ನಡಿಯೂದು ಮೊಳಿಯ ಮೈ ಮ್ಯಾಲ, ನಡುವಿನಿಂದ ಎರಡು ಮಿಮೀ ದೂರದಾಗ. ನಮ್ಮ ಬಾಟಲಿ ಐತಿ 60 ಸೆಂಮೀ ದೂರ. ಇಷ್ಟು ಸಣ್ಣ ತೋಳಿನ್ಯಾಗ ಇರೂ ಘರ್ಷಣೆ ಅಷ್ಟು ದೊಡ್ಡ ತೋಳಿಗೆ ಏನೂ ಅನ್ನಿಸೂದಿಲ್ಲ. ನಿಮ್ಮ ತಕ್ಕಡಿ 10 ಗ್ರಾಂಗೊಮ್ಮೆ ತೋರಸೂ ಅಂಥಾದ್ದಿದ್ರ ನಿಮಗ 300 ಅಂತನ ಬಂದು ದಕ್ಷತೆ 100% ಆಗಬಹುದು, ಹಂಗ ಬಂದ್ರ ಹಂಗ ಬರೀರಿ, ಪಕ್ಕದಾಗ ತಕ್ಕಡಿ ಎಷ್ಟು ಸಣ್ಣ ತೂಕದ ತನಕ ತೋರಸ್ತೈತಿ ಅನ್ನೂದನ್ನೂ ಬರೀರಿ.

ರಾಟಿ ಕಟ್ಟೂದು

ಬಾವಿಗೆ ಹಾಕಿರ್ತಾರಲ್ಲ ಆ ರಾಟಿ ಒಂದ ಜಾಗಾದಾಗ ಇರ್ತೈತಿ, ಕೊಡ ಒಂದು ಮಾರು ಏರಾಕ ಹಗ್ಗ ಒಂದು ಮಾರ ಎಳೀಬೇಕು, VR ಒಂದು. MA ಒಂದಕ್ಕಿಂತ ಕಡಿಮಿ, ಯಾಕಂದ್ರ ಕೊಡದ ತೂಕಕ್ಕಿಂತ ಸ್ವಲ್ಪ ಜಾಸ್ತಿನ ಎಳೀಬೇಕಾಗ್ತೈತಿ. ಕೆಳಗ ಎಳಿಯೂದರಿಂದ ನಮ್ಮ ಮೈತೂಕ ಉಪಯೋಗಕ್ಕ ಬರ್ತೈತಿ ಅಂತ ಅದು ಬೇಕು, ಬಲದ ಉಳಿತಾಯ ಇಲ್ಲ. ಉಳಿತಾಯ ಬೇಕಂದ್ರ ಭಾರದ ಜೊತಿಗೆ ತಾನೂ ಮ್ಯಾಲ ಏರೂ ರಾಟಿ ಬೇಕು, ಅದು ಚಲಿಸೂ ರಾಟಿ.

ಕಟ್ಟೂ ರೀತಿ ಹಿಂಗ. ಕಿಟಕಿ ಗ್ರಿಲ್‌ನಾಗ ಎತ್ತರದಾಗಿನ ಒಂದು ಕಂಬಿಗೆ ಹುರಿಯ ಒಂದು ತುದಿ ಕಟ್ರಿ. ಹುರಿ ಕೆಳಗ ತಂದು ಚಲಿಸೂ ರಾಟಿಯ ಕೆಳಗಿಂದ ದಾಟಸ್ರಿ, ಮತ್ತ ಮ್ಯಾಲ ಒಯ್ದು ಅದೇ ಕಂಬಿಗೆ ಕಟ್ಟಿದ ಸ್ಥಿರ ರಾಟಿ ಮ್ಯಾಲಿಂದ ಹಾಸಿ ಕೆಳಗ ಬಿಡ್ರಿ, ಆ ತುದಿಗೆ ಬಾಟಲಿ. ಚಲಿಸೂ ರಾಟಿ ಕೊಕ್ಕಿಗೆ 500 ಗ್ರಾಂ ಉಸುಕು. ಕಟ್ಟೂಕಿಂತ ಮೊದಲ ಚಲಿಸೂ ರಾಟಿನ ಕೊಕ್ಕಿ ಸಮೇತ ತೂಗ್ರಿ, ನಮ್ಮದು 60 ಗ್ರಾಂ.

VR ಎಷ್ಟು ಅಂತ ಎಣಸೂವಾಗ ಒಂದ ನಿಯಮ: ಚಲಿಸೂ ರಾಟಿನ ಹಿಡದು ಎತ್ತಿರೂ ಎಳಿ ಎಷ್ಟು ಅಷ್ಟ ಎಣಿಸ್ರಿ. ಇಲ್ಲಿ ಎರಡು. ಸ್ಥಿರ ರಾಟಿಯಿಂದ ಬಾಟಲಿಗೆ ಇಳಿಯೂ ಮೂರನೇ ಎಳಿ ಭಾರಾನ ಹಿಡದಿಲ್ಲ, ಅದನ್ನ ಎಣಸಬಾರ್ದು, ಮೂರು ಅಂತ ಬರಿಯೂದು ಇಲ್ಲೇ. ಅನುಮಾನ ಬಂದ್ರ ಒಂದು ಹಾಳಿ ತಗೊಂಡು ಚಿತ್ರದಾಗ ಚಲಿಸೂ ರಾಟಿಯ ಸ್ವಲ್ಪ ಮ್ಯಾಲಿನ ಭಾಗ ಎಲ್ಲಾ ಮುಚ್ಚಿಬಿಡ್ರಿ, ಆ ರಾಟಿಯಿಂದ ಮ್ಯಾಲ ಹಾಳಿ ಅಂಚಿಗೆ ಎಷ್ಟು ಎಳಿ ಮುಟ್ಟತಾವ ಅಷ್ಟ VR. ಆಮ್ಯಾಲೆ ಹುರಿಗೆ ಪೆನ್ನಿಲೆ ಗುರುತು ಮಾಡಿ ಎಳದು ನೋಡ್ರಿ, ಭಾರ 20 ಸೆಂಮೀ ಏರಿದ್ರ ಬಾಟಲಿ 40 ಸೆಂಮೀ ಇಳೀಬೇಕು.

ಎರಡೂ ಎಳಿ ನೆಟ್ಟಗ, ಒಂದಕ್ಕೊಂದು ಸಮಾನಾಂತರ ಇರಲಿ. ಹುರಿ ಕಟ್ಟಿದ ಜಾಗ ಮತ್ತ ಸ್ಥಿರ ರಾಟಿ ದೂರ ದೂರ ಇದ್ರ ಎಳಿ ಅಗಲಾಗಿ ನಿಂತು ಒಂದನ್ನೊಂದು ಪಕ್ಕಕ್ಕ ಎಳಿಯಾಕ ಬಲ ಖರ್ಚು ಮಾಡ್ತಾವ. ಎಳಿ ನಡುವ 60 ಡಿಗ್ರಿ ಕೋನ ಆದ್ರ ಒಂದೊಂದು ಎಳಿಗೆ ಅರ್ಧ ಭಾರದ ಬದ್ಲಿ 0.58ರಷ್ಟು ಬೀಳ್ತೈತಿ, ಮತ್ತ ಭಾರ ಏರಿದಂಗೆಲ್ಲಾ ಕೋನ ಬದಲಾಗಿ VR ಕೂಡ ಎರಡು ಉಳಿಯೂದಿಲ್ಲ.

ಈಗ ಬಾಟಲ್ಯಾಗ ನೀರು ಹಾಕೂದು. ಸನ್ನೆಗೂ ಇದಕ್ಕೂ ಇಲ್ಲಿ ಒಂದು ದೊಡ್ಡ ಫರಕ್ ಐತಿ, ನಿಧಾನಕ್ಕ ಓದ್ರಿ. ಸುಮಾರು 250 ಗ್ರಾಂ ದಾಟಿದ ಮ್ಯಾಲ ಬಾಟಲಿ ನಿಂತಲ್ಲೇ ನಿಲ್ತೈತಿ, ಇನ್ನ 10 ಹಾಕ್ರಿ ನಿಂತಿರ್ತೈತಿ, 20 ಹಾಕ್ರಿ ಆಗೂ ನಿಂತಿರ್ತೈತಿ. ನಿಂತಾಗ ತೂಗಿದ್ರ ಈ ನಡುವಿನ ಯಾವ ನಂಬರ್ ಬೇಕಾದ್ರೂ ಬರಬಹುದು, ಯಾಕಂದ್ರ ರಾಟಿ ಅಚ್ಚಿನ ಘರ್ಷಣೆ ಯಾವ ಕಡೆ ಬೇಕೋ ಆ ಕಡೆ ಹಿಡ್ಕೊಂಡು ನಿಲ್ತೈತಿ. ಒಂದ ಬೆಂಚಿನ ಮ್ಯಾಲ ಕುಂತ ಇಬ್ಬರು ಹುಡುಗೂರಿಗೆ ಒಂದ ಸಾಮಾನಿನಾಗ 270 ಮತ್ತ 300 ಬಂದು ಜಗಳ ಆಡೂದು ಇದಕ್ಕ. ಅದಕ್ಕ ಎಫರ್ಟ್ ಯಾವಾಗಲೂ ಭಾರ ಏರೂವಾಗ ತಗೀಬೇಕು. ನೀರು ಹಾಕಿ ಬೆರಳಿಲೆ ಕಂಬಿ ಸ್ವಲ್ಪ ತಟ್ರಿ, ತಟ್ಟಿದ ಮ್ಯಾಲ ಭಾರ ಒಂದ ವೇಗದಾಗ ಮೆಲ್ಲಕ ಏರ್ತಾ ಹೋದ್ರ ಅದ ಸರಿಯಾದ ತೂಕ. ವೇಗ ಹೆಚ್ಚಾಗ್ಕೋತ ಹೋದ್ರ ನೀರು ಜಾಸ್ತಿ ಆಗೇತಿ, ಸಿರಿಂಜ್‌ಲೆ ಸ್ವಲ್ಪ ತಗೀರಿ. ಅರ್ಧಕ್ಕ ನಿಂತ್ರ ಸಾಲದು, ಸ್ವಲ್ಪ ಹಾಕ್ರಿ.

ನಮಗ ಏರೂವಾಗ 310 ಗ್ರಾಂ ಬಂತು. ಅಲ್ಲಿಗೆ ಬಿಡದ ಉಲ್ಟಾನೂ ಮಾಡಿದ್ವಿ, ನೀರು ತಗಕೋತ ಬಂದು ಭಾರ ಒಂದ ವೇಗದಾಗ ಇಳಿಯೂ ಹಂಗ, ಅದು 250 ಗ್ರಾಂ. ಎರಡರ ಸರಾಸರಿ 280. ಘರ್ಷಣೆ ಇರದಿದ್ರ ಎಷ್ಟು ಬೇಕಿತ್ತು ಲೆಕ್ಕಾ ಹಾಕ್ರಿ: ಉಸುಕು 500, ರಾಟಿ 60, ಒಟ್ಟು 560, ಎರಡು ಎಳಿಗೆ ಹಂಚಿದ್ರ 280. ಘರ್ಷಣೆ ಏರೂವಾಗ ವಿರೋಧ ಮಾಡ್ತೈತಿ, ಇಳಿಯೂವಾಗ ನಮ್ಮ ಕಡೆ ನಿಲ್ತೈತಿ, ಸರಾಸರಿ ಮಾಡಿದ್ರ ಹೆಚ್ಚುಕಡಿಮಿ ವಜಾ ಆಗ್ತೈತಿ. ನಿಮ್ಮ ಸರಾಸರಿ ಈ ಲೆಕ್ಕದಿಂದ ಭಾಳ ದೂರ ಇದ್ರ ಹುರಿ ರಾಟಿ ಗಾಲಿಯಿಂದ ಜಾರಿ ಪಕ್ಕದ ತಗಡಿಗೆ ತಿಕ್ಕಾಡಾಕ ಹತ್ತಿರ್ತೈತಿ, ಇಲ್ಲಾ ರಾಟಿ ತೂಕ ತಪ್ಪಿರ್ತೈತಿ, ಮೊದಲು ಅದನ್ನ ನೋಡ್ರಿ.

ದಕ್ಷತೆಗೆ ತಗೊಳ್ಳೂದು ಮಾತ್ರ ಏರೂವಾಗಿನ 310, ಸರಾಸರಿ ಅಲ್ಲ.

```
MA = 500 ÷ 310 = 1.61
VR = 40 ÷ 20 = 2
ದಕ್ಷತೆ = 1.61 ÷ 2 × 100 = 80.6%
```

ಭಾರ ಅಂದ್ರ 500 ಅಷ್ಟ, 560 ಅಲ್ಲ. ರಾಟಿ ಏರಸೂದು ನಮಗ ಬೇಕಾದ ಕೆಲಸ ಅಲ್ಲ, ಅದು ಯಂತ್ರದ ಖರ್ಚು.

ಉಳಿದ ಸುಮಾರು 20% ಎಲ್ಲಿ ಹೋತು ಅನ್ನೂದು ಹುಡುಗೂರಿಗೆ ಕೇಳಿದ್ರ "ಘರ್ಷಣೆ ಸರ್" ಅಂತ ಒಂದ ಮಾತಿನ್ಯಾಗ ಮುಗಸ್ತಾರ. ಕೆಲಸದ ಲೆಕ್ಕ ಮಾಡಿ ನೋಡ್ರಿ. ನಾವು ಕೊಟ್ಟಿದ್ದು 310 × 40 = 12400. ಉಪಯೋಗಕ್ಕ ಬಂದಿದ್ದು 500 × 20 = 10000. ಹೋಗಿದ್ದು 2400. ಅದರಾಗ ಖಾಲಿ ರಾಟಿ ಏರಸಾಕ ಹೋಗಿದ್ದು 60 × 20 = 1200, ಉಳಿದ 1200 ಘರ್ಷಣೆಗೆ ಮತ್ತ ಹುರಿ ಬಗ್ಗೂದಕ್ಕ. ಅರ್ಧಕ್ಕರ್ಧ. ಎಣ್ಣಿ ಬಿಟ್ರ ಘರ್ಷಣೆದು ಸ್ವಲ್ಪ ಕಡಿಮಿ ಆಗ್ತೈತಿ, ಆದ್ರ ರಾಟಿ ತೂಕದ 1200 ಎಷ್ಟು ಎಣ್ಣಿ ಬಿಟ್ಟರೂ ಹೋಗೂದಿಲ್ಲ, ಹಗುರನ ರಾಟಿ ಹಾಕಬೇಕು.

ಸನ್ನೆದಾಗ ಘರ್ಷಣೆ ಕಾಣಲಿಲ್ಲ, ರಾಟಿದಾಗ ಇಷ್ಟು ಯಾಕ ಅಂತ ಒಬ್ಬಾಂವ ಕೇಳಿದಾ, ಛಲೋ ಪ್ರಶ್ನೆ. ಸಣ್ಣ ರಾಟಿ ತ್ರಿಜ್ಯ ಒಂದೂವರೆ ಎರಡು ಸೆಂಮೀ ಅಷ್ಟ, ಅದರ ಅಚ್ಚು ಎರಡು ಮೂರು ಮಿಮೀ. ಮೊಳಿ ಎರಡು ಮಿಮೀ, ತೋಳು 60 ಸೆಂಮೀ ಇದ್ದ ಸನ್ನೆಗೆ ಹೋಲಿಸ್ರಿ, ಇಲ್ಲಿ ಘರ್ಷಣೆಯ ತೋಳು ನಮ್ಮ ತೋಳಿಗೆ ಭಾಳ ಸಮೀಪ ಬಂದೈತಿ. ಮ್ಯಾಲ ಅಂಥಾ ರಾಟಿ ಎರಡು. ದೊಡ್ಡ ಗಾಲಿ, ಸಣ್ಣ ಅಚ್ಚು ಇರೂ ರಾಟಿ ತಂದ್ರ ದಕ್ಷತೆ ಏರೂದು ಇದಕ್ಕ.

ಭಾರ ಬದಲಿಸಿ ನೋಡೂದು

ಹೆಚ್ಚಿನ ವರ್ಕ್‌ಶೀಟ್‌ನಾಗ ಒಂದ ಭಾರಕ್ಕ ದಕ್ಷತೆ ತಗದು ಬಿಡ್ತಾರ, ಅದರಿಂದ ಹುಡುಗೂರು ದಕ್ಷತೆ ಅಂದ್ರ ಯಂತ್ರಕ್ಕ ಅಂಟಿಸಿದ ಚೀಟಿ, ಬದಲಾಗೂದಿಲ್ಲ ಅಂತ ತಿಳ್ಕೋತಾರ. ಅದೇ ಸಾಮಾನಿನಾಗ ಭಾರ 100 ಗ್ರಾಂ ಮಾಡಿದಾಗ ಎಫರ್ಟ್ 88 ಹಿಡೀತು, MA 1.14, ದಕ್ಷತೆ 57%. 1000 ಗ್ರಾಂ ಮಾಡಿದಾಗ 586 ಹಿಡೀತು, MA 1.71, ದಕ್ಷತೆ 85%. VR ಮೂರೂ ಸಲ ಎರಡ ಇತ್ತು, ಹುರಿ ಬದಲಾಗಿಲ್ಲ ಅಂದ ಮ್ಯಾಲ ಅದು ಬದಲಾಗೂದಿಲ್ಲ.

ಕಾರಣ ಆಗಲೇ ಸಿಕ್ಕೇತಿ. 100 ಗ್ರಾಂ ಎತ್ತೂವಾಗೂ 60 ಗ್ರಾಂ ರಾಟಿ ಎತ್ತಬೇಕು, 1000 ಎತ್ತೂವಾಗೂ ಅದೇ 60. ಭಾರ ದೊಡ್ಡದಾದಂಗ ರಾಟಿ ಪಾಲು ಸಣ್ಣದಾಗ್ತೈತಿ. ಆದ್ರ ಘರ್ಷಣೆ ಹಂಗಲ್ಲ, ಭಾರ ಹೆಚ್ಚಾದಂಗ ಅಚ್ಚಿನ ಮ್ಯಾಲಿನ ಒತ್ತಡ ಹೆಚ್ಚಾಗಿ ಅದೂ ಜೊತಿಗೆ ಬೆಳೀತೈತಿ. ಹಿಂಗಾಗಿ ದಕ್ಷತೆ ಏರಿ ಏರಿ 100ಕ್ಕ ಮುಟ್ಟೂದಿಲ್ಲ, ನಮ್ಮ ಈ ರಾಟಿಗೆ 90ರ ಆಸುಪಾಸು ನಿಂತುಬಿಡ್ತೈತಿ. ಗ್ರಾಫ್ ತಗದ್ರ ಮೊದಲು ಜೋರಾಗಿ ಏರಿ ಆಮ್ಯಾಲೆ ಮಲಗೂ ಗೆರಿ ಬರ್ತೈತಿ. ನಿಮ್ಮ ಗೆರಿ ಒಂದ ಸಮ ಏರಿ 100 ದಾಟಾಕ ಹತ್ತಿದ್ರ ಎಲ್ಲೋ ಎಫರ್ಟ್‌ನ ನಿಂತಾಗ ತೂಗೀರಿ.

ಯೂನಿಟ್ ಬಗ್ಗೆ ಸ್ವಲ್ಪ. MA ಮತ್ತ ದಕ್ಷತೆಗೆ ಗ್ರಾಂ ಹಾಕಿದ್ರೂ ಅಡ್ಡಿಯಿಲ್ಲ, ಮ್ಯಾಲೂ ಗ್ರಾಂ ಕೆಳಗೂ ಗ್ರಾಂ ಇದ್ರ ಹೊಡದು ಹೋಗ್ತಾವ. ಭಾರ ನ್ಯೂಟನ್‌ದಾಗ, ಎಫರ್ಟ್ ಗ್ರಾಂದಾಗ ಬರದ್ರ ಮಾತ್ರ ಕೆಟ್ಟು ಹೋಗ್ತೈತಿ, MA 0.016 ಅಂತ ಏನೋ ಬಂದ್ರ ಅದ ಆಗೇತಿ ಅಂತ ತಿಳ್ಕೊಳ್ರಿ. ಕೆಲಸ ಜೂಲ್‌ದಾಗ ಕೇಳಿದ್ರ ಬದಲಸಲೇಬೇಕು: g = 10 ಹಿಡದ್ರ 310 ಗ್ರಾಂ ಅಂದ್ರ 3.1 ನ್ಯೂಟನ್, 40 ಸೆಂಮೀ ಅಂದ್ರ 0.4 ಮೀಟರ್, ಕೊಟ್ಟ ಕೆಲಸ 1.24 ಜೂಲ್. ಪಡದದ್ದು 5 × 0.2 = 1 ಜೂಲ್. ಭಾಗಿಸಿದ್ರ ಅದೇ 80.6%. MA, VR, ದಕ್ಷತೆ ಇವಕ್ಕ ಯೂನಿಟ್ ಇಲ್ಲ, ಕೆಲಸಕ್ಕ ಐತಿ.

ಉಲ್ಟಾ ಪ್ರಶ್ನೆ

ಪರೀಕ್ಷಾದಾಗ ದಕ್ಷತೆ ಕೊಟ್ಟು ಎಫರ್ಟ್ ಕೇಳೂದು ಜಾಸ್ತಿ, ಅಲ್ಲಿ ಎಡವೂದೂ ಜಾಸ್ತಿ. ಇಂಥಾದ್ದೊಂದು ನಾನು ಕೊಡ್ತೀನಿ: ಬ್ಯಾಡಗ್ಯಾಗ ಒಂದು ಗೋದಾಮಿನ ಅಟ್ಟಕ್ಕ 40 ಕೆಜಿ ಮೆಣಸಿನಕಾಯಿ ಚೀಲ 3 ಮೀಟರ್ ಏರಸಬೇಕು, ಒಂದು ಸ್ಥಿರ ಒಂದು ಚಲಿಸೂ ರಾಟಿ, ದಕ್ಷತೆ 80%. ಎಷ್ಟು ಬಲದಿಂದ ಎಳೀಬೇಕು, ಎಷ್ಟು ಹಗ್ಗ ಎಳೀಬೇಕು?

VR ಎರಡು. ದಕ್ಷತೆ 80% ಅಂದ್ರ MA = 2 × 0.8 = 1.6. ಎಫರ್ಟ್ = 40 ÷ 1.6 = 25 ಕೆಜಿ ತೂಕದಷ್ಟು, ಅಂದ್ರ 250 ನ್ಯೂಟನ್. ಹಗ್ಗ 3 × 2 = 6 ಮೀಟರ್, ಇದಕ್ಕ ದಕ್ಷತೆ ಸೇರಸಬಾರ್ದು, ರಾಟಿ ಎಷ್ಟ ತುಕ್ಕು ಹಿಡದಿದ್ರೂ ಹಗ್ಗದ ಲೆಕ್ಕ ಅಷ್ಟ.

ತಪ್ಪು ಮಾಡೂವ್ರು 40ನ ಎರಡರಿಂದ ಭಾಗಿಸಿ 20 ತಗದು ಅದಕ್ಕ 0.8 ಗುಣಿಸಿ 16 ಅಂತ ಬರೀತಾರ. ನೋಡಿದ ಕೂಡಲೆ ಹಿಡೀಬಹುದು. ಘರ್ಷಣೆನೂ ಇಲ್ಲ ರಾಟಿ ತೂಕನೂ ಇಲ್ಲ ಅಂದ್ರೂ 20 ಬೇಕ ಬೇಕು, ಹಳೇ ರಾಟಿಗೆ ಅದಕ್ಕಿಂತ ಜಾಸ್ತಿ ಹಿಡೀಬೇಕ ಹೊರತು ಕಡಿಮಿ ಹೆಂಗ ಹಿಡದೀತು? 16 ಬಂದ್ರ ಅದರ ದಕ್ಷತೆ ತಗದು ನೋಡ್ರಿ, 40 ÷ 16 = 2.5, ಎರಡರಿಂದ ಭಾಗಿಸಿದ್ರ 125%. ಸನ್ನೆದಾಗ 120 ಬಂದಾಗ ಪಟ್ಟಿ ತೂಕ ಸಿಕ್ತು, ಇಲ್ಲಿ ಹಂಗ ಇಳಿಯೂ ವಸ್ತು ಯಾವುದೂ ಇಲ್ಲ, ಅದಕ್ಕ ಇದು ಲೆಕ್ಕದ ತಪ್ಪ.